ಶೋಲಾ ಕಾಡಿನ ಮರಗಳ ನೆಂಟಸ್ತಿಕೆಯನ್ನು ನಾನು ಅಳೆದ ಬಗೆ

ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲಿ ಶೋಲಾ ಕಾಡುಗಳಿವೆ. ಅಲ್ಲಿ ಎಲೆ ಕಿತ್ತು ಉಜ್ಜಿ ಮೂಸಿದರೆ ಮರಮರಕ್ಕೂ ಒಂದು ಘಮ. ದಾಲ್ಚಿನ್ನಿ, ಲಿಟ್ಸಿಯಾ, ಎಲೆಯ ಅಡಿ ಬೆಳ್ಳಗಿರುವ ನಿಯೋಲಿಟ್ಸಿಯಾ, ಹೀಗೆ ಲಾರೇಸಿ ಕುಟುಂಬದವೇ ಮತ್ತೆ ಮತ್ತೆ ಎದುರಾಗುತ್ತವೆ. ಜೊತೆಗಿದ್ದ ಅರಣ್ಯ ವೀಕ್ಷಕರು, "ಇವೆಲ್ಲ ಒಂದೇ ಮನೆಯವು ಸಾರ್" ಎಂದರು. ಆ ಮಾತು ಲೆಕ್ಕದಲ್ಲಿ ನಿಲ್ಲುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಒಟ್ಟಿಗೆ ಬೆಳೆಯುವ ಮರಗಳು ಕಣ್ಣುಮುಚ್ಚಿ ಆರಿಸಿದ ಮರಗಳಿಗಿಂತ ಹತ್ತಿರದ ನೆಂಟರೇ?

ಈ ಪ್ರಶ್ನೆಗೆ ಈಗ ಬಳಕೆಯಲ್ಲಿರುವ ಅಳತೆಗಳನ್ನು ಕೊಟ್ಟವರು ಕ್ಯಾಂಪ್‌ಬೆಲ್ ವೆಬ್. ಬೋರ್ನಿಯೊದ ಮಳೆಕಾಡಿನ ಮರಗಳ ಮೇಲಿನ ಅವರ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಅಳತೆಗಳು ಎರಡು. ಮರಗಳನ್ನು ಎಣಿಸಲು ಗುರುತು ಹಾಕಿಕೊಂಡ ಒಂದು ತಾಕಿನಲ್ಲಿರುವ ಪ್ರಭೇದಗಳ ಎಲ್ಲ ಜೋಡಿಗಳ ನಡುವಿನ ವಂಶದೂರದ ಸರಾಸರಿ ಎಂಪಿಡಿ. ಪ್ರತಿಯೊಂದು ಪ್ರಭೇದಕ್ಕೆ ಅದೇ ತಾಕಿನ ಅತಿ ಹತ್ತಿರದ ನೆಂಟನವರೆಗಿನ ದೂರದ ಸರಾಸರಿ ಎಂಎನ್‌ಟಿಡಿ. ವಂಶದೂರವೆಂದರೆ ಎರಡು ಪ್ರಭೇದಗಳಿಂದ ಅವುಗಳ ಸಮಾನ ಪೂರ್ವಜನವರೆಗೆ ಹಿಂದಕ್ಕೆ ಹೋಗುವ ಎರಡು ಕೊಂಬೆಗಳ ಒಟ್ಟು ಉದ್ದ.

ಮೊದಲು ಹೆಸರುಗಳನ್ನು ಶುದ್ಧಮಾಡಿಕೊಂಡೆ. ಹಳೆಯ ಪಟ್ಟಿಗಳ ಪರ್ಸಿಯಾ ಮ್ಯಾಕ್ರಾಂಥಾ ಈಗ ಮ್ಯಾಕಿಲಸ್ ಆಗಿದೆ. ದಿಂಡಿಗ ಅನೋಗೀಸಸ್ ಬಿಟ್ಟು ಟರ್ಮಿನೇಲಿಯಾಕ್ಕೆ ಸೇರಿದೆ. ಇದನ್ನು ಸರಿಪಡಿಸದಿದ್ದರೆ ಮರ ವಂಶವೃಕ್ಷದ ತಪ್ಪು ಕೊಂಬೆಗೆ ಹೋಗಿ ಕೂರುತ್ತದೆ. ಅದರಿಂದ ಹೆಚ್ಚು ಕೆಡುವುದು ಎಂಎನ್‌ಟಿಡಿ, ಏಕೆಂದರೆ ಅದು ನಿಂತಿರುವುದೇ ತುದಿಯ ಕೊಂಬೆಗಳ ಮೇಲೆ. ತೋಟದ ಅಂಚಿನಿಂದ ನುಸುಳಿದ ಸಿಲ್ವರ್ ಓಕನ್ನು ಪಟ್ಟಿಯಿಂದ ತೆಗೆದೆ. ಅದನ್ನು ಅಲ್ಲಿಗೆ ತಂದವರು ಕಾಫಿ ಬೆಳೆಗಾರರು, ಬೆಟ್ಟವಲ್ಲ.

ಲೆಕ್ಕ ಹಾಕಿದಾಗ ಎರಡು ಅಳತೆಗಳೂ ಬೇರೆ ಬೇರೆ ಮಾತಾಡಿದವು. ಶೋಲಾದ ಜೊತೆಗೆ ಕಡೂರು ಕಡೆಯ ಒಣ ಕಾಡಿನ ತಾಕುಗಳನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಿದ್ದೆ. ಎಂಎನ್‌ಟಿಡಿ ಪ್ರಕಾರ ಶೋಲಾದ ಮರಗಳು ಹತ್ತಿರದ ನೆಂಟರು. ಎಂಪಿಡಿ ಪ್ರಕಾರ ಅವು ನಿರೀಕ್ಷೆಗಿಂತ ದೂರದವು.

ಕಾರಣ ಲಾರೇಸಿಯಲ್ಲೇ ಇದೆ. ಆರು ಪ್ರಭೇದಗಳ ಒಂದು ತಾಕನ್ನು ತೆಗೆದುಕೊಳ್ಳಿ: ದಾಲ್ಚಿನ್ನಿ, ಲಿಟ್ಸಿಯಾ, ನಿಯೋಲಿಟ್ಸಿಯಾ, ಇನ್ನೊಂದು ಕಡೆ ನೇರಳೆಯ ಗಣದ ಒಂದು ಮರ, ಲೋಧ್ರ, ರುದ್ರಾಕ್ಷಿಯ ಗಣದ ಒಂದು ಮರ. ಒಟ್ಟು 15 ಜೋಡಿಗಳಾಗುತ್ತವೆ. ಅವುಗಳಲ್ಲಿ 9 ಜೋಡಿಗಳು ಲಾರೇಸಿಯ ಒಂದು ಮರ ಮತ್ತು ಅದರ ಹೊರಗಿನ ಒಂದು ಮರ. ಈ ಎರಡು ಕವಲುಗಳು ಬೇರೆಯಾದದ್ದು ಹೂಬಿಡುವ ಸಸ್ಯಗಳ ಇತಿಹಾಸದ ಬಹಳ ಹಿಂದೆ, ಸುಮಾರು 13–14 ಕೋಟಿ ವರ್ಷಗಳ ಕೆಳಗೆ. ಹಾಗಾಗಿ ಒಂಬತ್ತೂ ಜೋಡಿಗಳು ಅತಿ ಉದ್ದದ ದೂರವನ್ನೇ ಸರಾಸರಿಗೆ ತುಂಬುತ್ತವೆ. ಲಾರೇಸಿಯೊಳಗಿನ ಮೂರು ಸಣ್ಣ ದೂರಗಳು ಆ ಭಾರದಡಿ ಮುಚ್ಚಿಹೋಗುತ್ತವೆ. ಎಂಎನ್‌ಟಿಡಿಗೆ ಬಂದರೆ, ಆರರಲ್ಲಿ ಮೂರು ಮರಗಳಿಗೆ ಪಕ್ಕದಲ್ಲೇ ದಾಯಾದಿ ಇರುವುದರಿಂದ ಸರಾಸರಿ ತಗ್ಗುತ್ತದೆ. ಒಣ ಕಾಡಿನಲ್ಲಿ ಲಾರೇಸಿ ವಿರಳ. ಅಲ್ಲಿಯ ತಾಕುಗಳೂ ಬೆರೆತ ಸಂಗ್ರಹದಿಂದ ಯಾದೃಚ್ಛಿಕವಾಗಿ ಆರು ಮರ ಎತ್ತಿದರೆ ಇಂತಹ ಅತಿದೂರದ ಜೋಡಿಗಳು ಅಷ್ಟು ಸಿಗುವುದಿಲ್ಲ. ಒಂದು ಕುಟುಂಬ ಒಟ್ಟಾಗಿ ನೆಲೆಯೂರಿದ್ದನ್ನೇ ಎಂಪಿಡಿ ಚದುರುವಿಕೆ ಎಂದು ಓದುತ್ತಿತ್ತು.

ಪರೀಕ್ಷೆಗೆ ಆರ್ ಭಾಷೆಯ `picante` ಬಳಸಿದೆ. ಎಂಎನ್‌ಟಿಡಿಗೆ ಹೀಗೆ:

```r
ses.mntd(plots, cophenetic(tree),
  null.model = "independentswap",
  runs = 999, iterations = 1000)
```

ಇಲ್ಲಿನ `independentswap` ಹೋಲಿಕೆಗೆಂದು ಯಾದೃಚ್ಛಿಕ ತಾಕುಗಳನ್ನು ಕಟ್ಟುವ ಶೂನ್ಯಮಾದರಿ. ಅದು ಪ್ರತಿ ತಾಕಿನ ಪ್ರಭೇದ ಸಂಖ್ಯೆಯನ್ನೂ, ಪ್ರತಿ ಪ್ರಭೇದ ಎಷ್ಟು ತಾಕುಗಳಲ್ಲಿದೆ ಎಂಬುದನ್ನೂ ಹಾಗೆಯೇ ಉಳಿಸಿಕೊಂಡು ಉಳಿದದ್ದನ್ನು ಕಲಸುತ್ತದೆ. ನಿಜವಾದ ಎಂಎನ್‌ಟಿಡಿ ಕಲಸಿದವುಗಳ ಸರಾಸರಿಯಿಂದ ಎಷ್ಟು ಆಚೀಚೆ ಇದೆ ಎಂದು ಹೇಳುವ `mntd.obs.z` ಋಣವಾಗಿದ್ದು, ಅವುಗಳ ಸಾಲಿನಲ್ಲಿ ಅದರ ಸ್ಥಾನ ಹೇಳುವ `mntd.obs.p` 0.025ಕ್ಕಿಂತ ಕಡಿಮೆ ಇದ್ದರೆ ಗುಂಪುಗೂಡುವಿಕೆ; 0.975 ದಾಟಿದರೆ ಚದುರುವಿಕೆ. ಎರಡನೆಯದನ್ನು 'ಮಹತ್ವವಿಲ್ಲ' ಎಂದು ಓದಿಬಿಡುವವರನ್ನು ನೋಡಿದ್ದೇನೆ, ಎಚ್ಚರವಿರಲಿ.

ನನ್ನ ಊಹೆಯನ್ನು ಖಚಿತಪಡಿಸಿಕೊಳ್ಳಲು `drop.tip`ನಿಂದ ಲಾರೇಸಿಯನ್ನು ವಂಶವೃಕ್ಷದಿಂದ ತೆಗೆದು, ಕೋಷ್ಟಕದಿಂದಲೂ ಅದರ ಪ್ರಭೇದಗಳನ್ನು ಅಳಿಸಿ ಮತ್ತೆ ಓಡಿಸಿದೆ. ಎಂಪಿಡಿಯ ಚದುರುವಿಕೆ ಮಾಯವಾಯಿತು. ಎಂಎನ್‌ಟಿಡಿಯ ಗುಂಪುಗೂಡುವಿಕೆಯೂ ಬಹಳ ಮಟ್ಟಿಗೆ ಸಡಿಲಿತು. ಅಂದರೆ ಎರಡು ಫಲಿತಾಂಶಗಳ ಹಿಂದೆಯೂ ಇದ್ದದ್ದು ಒಂದೇ ಕುಟುಂಬ.

ನಂತರ ಒಣ ಕಾಡನ್ನು ಬಿಟ್ಟು ಶೋಲಾ ತಾಕುಗಳನ್ನಷ್ಟೇ ಹೋಲಿಸಿದೆ. ಆಗ ಹೆಚ್ಚಿನ ತಾಕುಗಳು ಯಾದೃಚ್ಛಿಕ ಆಯ್ಕೆಗಿಂತ ಭಿನ್ನವಾಗಿ ಕಾಣಲಿಲ್ಲ. ಇದು ಮೊದಲಿನದಕ್ಕೆ ವಿರೋಧವಲ್ಲ, ಬೇರೆ ಪ್ರಶ್ನೆಗೆ ಉತ್ತರ. ಜಿಲ್ಲೆಯ ಮರಗಳಲ್ಲಿ ಯಾವುವು ಮೇಲಿನ ಕಣಿವೆಗೆ ಏರುತ್ತವೆ ಎಂಬುದರಲ್ಲಿ ವಂಶದ ಗುರುತಿದೆ. ಏರಿದವುಗಳಲ್ಲಿ ಯಾವುದು ಯಾವ ಕಣಿವೆಯಲ್ಲಿ ನಿಂತಿತು ಎಂಬುದರಲ್ಲಿ ಅದು ನನಗೆ ಕಾಣಲಿಲ್ಲ. ಆದ್ದರಿಂದ ಹೋಲಿಕೆಯ ಮರಗಳನ್ನು ಯಾವ ಸಂಗ್ರಹದಿಂದ ಆರಿಸಲಾಯಿತು ಎಂದು ಹೇಳದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಗುಂಪುಗೂಡುವಿಕೆ ಕಂಡ ಕೂಡಲೇ ಚಳಿಯೋ ಮಂಜೋ ಜರಡಿ ಹಿಡಿದಿದೆ ಎಂದು ಬರೆಯುವುದೂ ಆತುರವೇ. ಪೈಪೋಟಿಯಲ್ಲಿ ದುರ್ಬಲವಾದ ಇಡೀ ವಂಶಗಳು ಹೊರಬಿದ್ದರೂ ಇದೇ ವಿನ್ಯಾಸ ಉಳಿಯಬಹುದೆಂದು ಮೇಫೀಲ್ಡ್ ಮತ್ತು ಲಿವೈನ್ 2010ರಲ್ಲಿ ತೋರಿಸಿದರು. ಎರಡನ್ನೂ ಬೇರ್ಪಡಿಸಲು ವಂಶವೃಕ್ಷ ಸಾಲದು. ಎಲೆಯ ದಪ್ಪ, ಕಟ್ಟಿಗೆಯ ಸಾಂದ್ರತೆಗಳನ್ನು ಅಳೆಯಬೇಕು. ಅದೇ ತಾಕುಗಳಲ್ಲಿ ನಾನೀಗ ಆ ಅಳತೆ ಶುರುಮಾಡಿದ್ದೇನೆ, ಮೊದಲು ಲಾರೇಸಿಯಿಂದಲೇ.