ರೂಬ್ರಿಕ್ ಕ್ರಮಕ್ಕೆ ಉತ್ತರ ತಿರುಗಿಸಿದ್ದು

ತಂಗಿಯ ಎಂಬಿಎ ಅಸೈನ್‌ಮೆಂಟ್ 1500 ಪದ. ಯಾವ ಭಾಗಕ್ಕೆ ಎಷ್ಟು ಅಂಕ ಎಂದು ಹೇಳುವ ರೂಬ್ರಿಕ್‌ನಲ್ಲಿ ಕ್ರಮ ಹೀಗಿತ್ತು: ಸಮಸ್ಯೆ 20 ಅಂಕ, ವಿಶ್ಲೇಷಣೆ 40, ಸಲಹೆ 30, ಆಕರಗಳು 10. ಅವಳು ಸಲಹೆಯಿಂದಲೇ ಶುರು ಮಾಡಿದ್ದಳು. ವಿಶ್ಲೇಷಣೆ ಅಲ್ಲಲ್ಲಿ ಚದುರಿತ್ತು.

ಪ್ರತಿ ಪ್ಯಾರಾದ ಪಕ್ಕ ಅದು ಯಾವ ಮಾನದಂಡಕ್ಕೆ ಸೇರುತ್ತದೆಂದು ಬರೆಸಿದೆ. ಒಂದು ಪ್ಯಾರಾಕ್ಕೆ ಎರಡು ಗುರುತು ಬಂತು, ಅದನ್ನು ಒಡೆದೆವು. ಆಮೇಲೆ ರೂಬ್ರಿಕ್‌ನ ಪದಗಳನ್ನೇ ಉಪಶೀರ್ಷಿಕೆ ಮಾಡಿ, ಪ್ಯಾರಾಗಳನ್ನು ಅವುಗಳ ಕೆಳಗೆ ಜೋಡಿಸಿದೆವು. ಎಣಿಸಿದರೆ 40 ಅಂಕದ ವಿಶ್ಲೇಷಣೆಗೆ ಇದ್ದದ್ದು ಬರೀ 250 ಪದ! ಕಂಪನಿ ಪರಿಚಯ ಕತ್ತರಿಸಿ, ಉಳಿದ ಪದಗಳಲ್ಲಿ ವಿಶ್ಲೇಷಣೆ ತುಂಬಿಸಿದಳು.

ಕಾಟ ಕೊಟ್ಟದ್ದು ಪ್ಯಾರಾಗಳ ನಡುವಿನ ಕೊಂಡಿಗಳು. ‘ಮೇಲೆ ಹೇಳಿದಂತೆ’ ಅಂದದ್ದೆಲ್ಲ ಈಗ ಕೆಳಗಿತ್ತು. ಸಂಕ್ಷೇಪಾಕ್ಷರದ ಪೂರ್ಣರೂಪ ಅದು ಮೊದಲ ಸಲ ಬಂದಲ್ಲಿ ಇರದೆ, ಎರಡನೇ ಸಲ ಬಂದಲ್ಲಿ ಇತ್ತು. ಗಟ್ಟಿಯಾಗಿ ಓದಿಸಿದಾಗಲೇ ಇವೆಲ್ಲ ಸಿಕ್ಕಿದ್ದು.