ಕ್ಯಾಂಟೀನಿನ ಸೌಟನ್ನು ತೂಗಿ ನೋಡಿದ ಮೇಲೆ

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ. ಮಧ್ಯಾಹ್ನದ ಊಟ ಕಂಪನಿಯ ಕ್ಯಾಂಟೀನಿನಲ್ಲೇ. ಮೆನು ವಾರಕ್ಕೊಮ್ಮೆ ಗೋಡೆಗೆ ಅಂಟಿಸುತ್ತಾರೆ, ನಮ್ಮ ಮಾತಿಗೆ ಅದು ಬದಲಾಗುವುದಿಲ್ಲ. ಎರಡು ಚಪಾತಿ, ಒಂದು ಪಲ್ಯ ಅಥವಾ ಸಾಗು, ಹುಳಿ, ತಿಳಿಸಾರು, ಮಜ್ಜಿಗೆ, ಹಪ್ಪಳ. ಅನ್ನ ಎಷ್ಟು ಬೇಕಾದರೂ ಹಾಕುತ್ತಾರೆ. ಬುಧವಾರ ಯಾವುದಾದರೊಂದು ಬಾತು, ಶುಕ್ರವಾರ ಪೂರಿ ಮತ್ತು ಪಾಯಸ. ನಲವತ್ತೊಂದನೇ ವಯಸ್ಸಿಗೆ ನನ್ನ ತೂಕ 82 ಕಿಲೋ ಮುಟ್ಟಿತ್ತು, ಎತ್ತರ 168 ಸೆಂಟಿಮೀಟರ್. ಬೆಳಗ್ಗೆ ಏಳಕ್ಕೇ ಬಸ್ಸು ಹಿಡಿಯುವ ಮನೆಯಲ್ಲಿ ಡಬ್ಬಿ ಕಟ್ಟುವುದು ಆಗದ ಮಾತು. ಹಾಗಾಗಿ ಇಳಿಸುವುದಿದ್ದರೆ ಇದೇ ತಟ್ಟೆಯಲ್ಲಿ ಉಂಡು ಇಳಿಸಬೇಕಿತ್ತು.

ಮೊದಲ ಐದು ವಾರ ತಪ್ಪು ಮಾಡಿದೆ. ಅನ್ನ ಪೂರ್ತಿ ಬಿಟ್ಟು ಒಂದು ಚಪಾತಿ, ಪಲ್ಯ, ಒಂದು ಲೋಟ ಮಜ್ಜಿಗೆಗೆ ನಿಲ್ಲಿಸಿದೆ. ನಾಲ್ಕು ಗಂಟೆಗೆ ತಲೆ ಜುಮ್ಮೆನ್ನುವಷ್ಟು ಹಸಿವು. ಟೀ ಜೊತೆ ಎರಡು ಬೋಂಡ, ಇಲ್ಲದಿದ್ದರೆ ಅರ್ಧ ಪ್ಯಾಕೆಟ್ ಬಿಸ್ಕತ್ತು ಹೋಗುತ್ತಿತ್ತು. ರಾತ್ರಿ ಮನೆಗೆ ಹೋಗಿ ಮಧ್ಯಾಹ್ನದ್ದನ್ನೂ ಸೇರಿಸಿ ಉಣ್ಣುತ್ತಿದ್ದೆ. ಐದು ವಾರ ಕಳೆದರೂ ಮುಳ್ಳು 82 ಬಿಟ್ಟು ಅಲುಗಲಿಲ್ಲ. ಮಧ್ಯಾಹ್ನ ಕಡಿಮೆ ಮಾಡಿದ್ದು ಸಂಜೆಗೆ ವಾಪಸ್ ಬರುತ್ತಿದ್ದರೆ ಅದು ಕಡಿಮೆ ಮಾಡಿದಂತಲ್ಲ ಎನ್ನುವುದು ಅಲ್ಲಿ ಗೊತ್ತಾಯಿತು. ಅಂದಿನಿಂದ ನಾಲ್ಕು ಗಂಟೆಯ ಹಸಿವನ್ನೇ ಅಳತೆ ಮಾಡಿಕೊಂಡೆ. ಆ ಹೊತ್ತಿಗೆ ಟೀ ಮಾತ್ರ ಸಾಕು ಅನಿಸಿದರೆ ಮಧ್ಯಾಹ್ನದ ತಟ್ಟೆ ಸರಿಯಿತ್ತು ಎಂದು ಲೆಕ್ಕ.

ಆಮೇಲೆ ಒಂದು ಸ್ಟೀಲ್ ಡಬ್ಬಿ ತಂದು, ಬಡಿಸುವ ಅಕ್ಕನ ಹತ್ತಿರ ಅನ್ನವನ್ನು ಸರಿಯಾಗಿ ಒಂದು ಸೌಟು ಹಾಕಿಸಿಕೊಂಡು ಮನೆಗೆ ಒಯ್ದೆ. ಅಡುಗೆಮನೆಯ ತಕ್ಕಡಿಯಲ್ಲಿ 165 ಗ್ರಾಂ ಬಂತು. ನಾನು ದಿನಾ ಉಣ್ಣುತ್ತಿದ್ದದ್ದು ಹುಳಿಗೊಂದು, ಸಾರಿಗೊಂದು, ಮಜ್ಜಿಗೆಗೊಂದು, ಒಟ್ಟು ಮೂರು ಸೌಟು. ಅಂದರೆ ಅರ್ಧ ಕಿಲೋ ಅನ್ನ. ನೂರು ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ, ಹಾಗಾಗಿ ಅನ್ನವೊಂದೇ 650ರ ಹತ್ತಿರ. ಎರಡು ಚಪಾತಿ ಅದಕ್ಕೆ ಮೊದಲೇ ಹೊಟ್ಟೆ ಸೇರಿರುತ್ತಿತ್ತು. ಮನೆಯಲ್ಲಿ ಅಷ್ಟು ಅನ್ನ ನಾವಿಬ್ಬರು ಸೇರಿ ಉಣ್ಣುತ್ತೇವೆ. ಕ್ಯಾಂಟೀನಿನಲ್ಲಿ ಅದು ಕಣ್ಣಿಗೆ ಬೀಳದಿದ್ದದ್ದು ಒಂದೇ ಸಲಕ್ಕೆ ಬಡಿಸದೆ ಮೂರು ಸಲ ಬಡಿಸುತ್ತಿದ್ದರಿಂದ.

ಮೂರರ ಬದಲು ಒಂದೂವರೆ ಸೌಟು ಎಂದು ನಿಶ್ಚಯಿಸಿದೆ. ಅಲ್ಲಿಗೆ 320 ಕ್ಯಾಲೊರಿ ಕಡಿಮೆ. ಆದರೆ ಜಾಗ ಖಾಲಿ ಬಿಟ್ಟರೆ ಮತ್ತೆ ಬೋಂಡದ ಕಥೆ, ಹಾಗಾಗಿ ಪಲ್ಯ ಎರಡು ಸೌಟು ಹಾಕಿಸಿಕೊಂಡೆ, ಹುಳಿ ಗಟ್ಟಿಯಾಗಿ ತೆಗೆದುಕೊಂಡೆ. ಇವೆರಡೂ ಸೇರಿ ನೂರು, ನೂರಿಪ್ಪತ್ತು ಕ್ಯಾಲೊರಿ ವಾಪಸ್ ಬಂದರೂ ದಿನಕ್ಕೆ ಇನ್ನೂರರಷ್ಟು ಉಳಿತಾಯ. ಬಹಳ ಕಡಿಮೆ ಅನಿಸಬಹುದು, ಆದರೆ ಇದು ಹಸಿವಿಲ್ಲದ ಉಳಿತಾಯ.

ಇದಕ್ಕೆ ತಟ್ಟೆ ಹಿಡಿಯುವ ರೀತಿಯನ್ನೂ ಬದಲಾಯಿಸಬೇಕಾಯಿತು. ನಮ್ಮದು ಗುಂಡಿಗಳಿರುವ ಸ್ಟೀಲ್ ತಟ್ಟೆ. ದೊಡ್ಡ ಗುಂಡಿ ಅನ್ನಕ್ಕೆ, ಚಿಕ್ಕವು ಪಲ್ಯಕ್ಕೆ ಎನ್ನುವುದು ರೂಢಿ. ನಾನು ದೊಡ್ಡದರಲ್ಲಿ ಪಲ್ಯ, ಪಕ್ಕದ ಚಿಕ್ಕದರಲ್ಲಿ ಅನ್ನ ಹಾಕಿಸಿಕೊಳ್ಳತೊಡಗಿದೆ. ಒಂದೂವರೆ ಸೌಟಿಗೆ ಆ ಗುಂಡಿ ತುಂಬಿಹೋಗುತ್ತದೆ, ಮುಂದೆ ಬಡಿಸಲು ಜಾಗವೇ ಇರುವುದಿಲ್ಲ. ಮೊದಲ ದಿನ ಅಕ್ಕ ಸೌಟು ಹಿಡಿದು ನಿಂತು, “ಯಾಕ್ ಸಾರ್, ಊಟ ಸೇರ್ತಿಲ್ವಾ?” ಎಂದು ಕೇಳಿದರು. “ಸೇರುತ್ತಕ್ಕಾ, ಅನ್ನ ಕಮ್ಮಿ ಹಾಕಿ, ಪಲ್ಯ ಜಾಸ್ತಿ ಹಾಕಿ” ಎಂದೆ. ಒಂದು ವಾರದಲ್ಲಿ ಅವರಿಗೇ ಅಭ್ಯಾಸವಾಗಿ, ನಾನು ಬಾಯಿ ತೆರೆಯುವ ಮೊದಲೇ ದೊಡ್ಡ ಗುಂಡಿಗೆ ಪಲ್ಯ ಬೀಳುತ್ತಿತ್ತು.

ಹುಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಪಾತ್ರೆಯ ಹುಳಿ ನಿಂತಷ್ಟೂ ಬೇಳೆ, ತರಕಾರಿ ತಳಕ್ಕೆ ಇಳಿಯುತ್ತವೆ, ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತದೆ. ಮೇಲಿಂದ ಎತ್ತಿ ಹಾಕಿದರೆ ಸಿಗುವುದು ಎಣ್ಣೆ ಮತ್ತು ಹುಳಿನೀರು, ಹೊಟ್ಟೆ ನಿಲ್ಲಿಸುವ ಬೇಳೆ ಅಲ್ಲೇ ಉಳಿಯುತ್ತದೆ. “ತಳದಿಂದ ಎತ್ತಿ ಹಾಕಿ” ಎಂದು ಕೇಳಿದ ದಿನ ನಾಲ್ಕು ಗಂಟೆಗೆ ಹಸಿವಾಗಲಿಲ್ಲ. ಹನ್ನೆರಡೂಮುಕ್ಕಾಲಿನ ಮೊದಲ ಪಾಳಿಯಲ್ಲಿ ಸಿಗುವ ಹುಳಿ ನೀರು ನೀರು, ಒಂದೂಮುಕ್ಕಾಲಿನ ಕೊನೆಯ ಪಾಳಿಯಲ್ಲಿ ಗಟ್ಟಿ. ಸಾಧ್ಯವಾದಾಗ ನಾನು ಕೊನೆಗೆ ಹೋಗುತ್ತೇನೆ. ತಳದ ಹುಳಿ ಬಟ್ಟಲಿನಲ್ಲಿ ಹಾಕಿಸಿಕೊಂಡು ಮೊದಲು ಅದನ್ನೂ ಪಲ್ಯವನ್ನೂ ಅರ್ಧ ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಒಂದೂವರೆ ಸೌಟು ಸಾಕಾಗುತ್ತದೆ.

ಈ ಉಪಾಯ ನಡೆಯದ ದಿನ ಬುಧವಾರ. ಬಿಸಿಬೇಳೆ ಬಾತಾಗಲಿ, ವಾಂಗಿಬಾತಾಗಲಿ, ಅನ್ನವನ್ನೂ ಎಣ್ಣೆಯನ್ನೂ ಬೇರೆ ಮಾಡಲು ಬರುವುದಿಲ್ಲ. ಚಮಚ ಎಣ್ಣೆಗೆ 45 ಕ್ಯಾಲೊರಿ, ಬಾತಿಗೆ ಎಷ್ಟು ಚಮಚ ಹೋಗಿದೆಯೋ ಬೇಯಿಸಿದವರಿಗೇ ಗೊತ್ತು. ಆ ದಿನ ಬಾತು ಒಂದು ಸೌಟು, ಮೊಸರುಬಜ್ಜಿ ಎರಡು ಸೌಟು. ಜೊತೆಗೆ ಮನೆಯಿಂದ ತಂದ ಮೊಳಕೆ ಹೆಸರುಕಾಳಿನ ಕೋಸಂಬರಿ, ಹಿಂದಿನ ರಾತ್ರಿಯೇ ಡಬ್ಬಿಗೆ ಹಾಕಿಟ್ಟದ್ದು. ವಾರದಲ್ಲಿ ಒಂದು ಡಬ್ಬಿ ಕಟ್ಟುವುದು ಕಷ್ಟವಾಗಲಿಲ್ಲ. ಶುಕ್ರವಾರ ಎರಡು ಪೂರಿ ತಿನ್ನುತ್ತೇನೆ, ಪಾಯಸವೂ ಕುಡಿಯುತ್ತೇನೆ. ಅನ್ನ ಮಾತ್ರ ಮುಟ್ಟುವುದಿಲ್ಲ.

ತೂಕ ನೋಡುವುದರಲ್ಲೂ ಒಂದು ಎಡವಟ್ಟಾಯಿತು. ಶನಿವಾರ ಬೆಳಗ್ಗೆ ನೋಡಿದರೆ ಒಂದು ಕಿಲೋ ಏರಿರುತ್ತಿತ್ತು, ಬೇಸರವಾಗಿ ಎಲ್ಲ ಬಿಟ್ಟುಬಿಡೋಣ ಅನಿಸುತ್ತಿತ್ತು. ಅದು ಶುಕ್ರವಾರದ ಹಪ್ಪಳ, ಉಪ್ಪಿನಕಾಯಿಯ ಉಪ್ಪು ಮೈಯಲ್ಲಿ ಹಿಡಿದಿಟ್ಟ ನೀರು. ಮಂಗಳವಾರದ ಹೊತ್ತಿಗೆ ಇಳಿಯುತ್ತದೆ. ಈಗ ಪ್ರತಿ ಗುರುವಾರ ಬೆಳಗ್ಗೆ ಮಾತ್ರ ತೂಗುತ್ತೇನೆ, ನಾಲ್ಕು ವಾರದ ಅಂಕಿಯನ್ನು ಒಟ್ಟಿಗೆ ಇಟ್ಟು ನೋಡುತ್ತೇನೆ. ಎಂಟು ತಿಂಗಳಲ್ಲಿ 82ರಿಂದ 76ಕ್ಕೆ ಬಂದೆ. ತಿಂಗಳಿಗೆ ಮುಕ್ಕಾಲು ಕಿಲೋ, ಅದಕ್ಕಿಂತ ಬೇಗ ಆಗಲಿಲ್ಲ.

ನನ್ನನ್ನು ನೋಡಿ ಪಕ್ಕದ ವಿಭಾಗದ ಗೆಳೆಯರೊಬ್ಬರು ಶುರು ಮಾಡಿದರು. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಮಾತ್ರೆ ಮೊದಲಿನಷ್ಟೇ, ಅನ್ನ ಮಾತ್ರ ಅರ್ಧ. ಮೂರನೇ ದಿನ ಮೂರೂವರೆಗೆ ಬೆವರು, ಕೈ ನಡುಕ. ಸಕ್ಕರೆ ಹಾಕಿದ ಟೀ ಕುಡಿದ ಮೇಲೆ ಸುಧಾರಿಸಿತು. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆಯೇ ಅವರು ಮುಂದುವರಿಸಿದ್ದು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ಅನ್ನ ಇಳಿಸಿ.

ಕಳೆದ ತಿಂಗಳು ಕ್ಯಾಂಟೀನಿನ ಗುತ್ತಿಗೆ ಬೇರೆಯವರಿಗೆ ಹೋಯಿತು. ಮೂರು ವಾರ ತೂಕ ಇಳಿಯುವುದು ನಿಂತಾಗ ಅನುಮಾನ ಬಂದು ಮತ್ತೆ ಡಬ್ಬಿ ಒಯ್ದೆ. ಹೊಸ ಸೌಟಿಗೆ 220 ಗ್ರಾಂ. ಈಗ ಒಂದೇ ಸೌಟು ಹಾಕಿಸಿಕೊಳ್ಳುತ್ತಿದ್ದೇನೆ.