ಸವೆದ ಶಾಸನದ ಪಡಿಯಚ್ಚು ಓದುವುದು ಹೇಗೆ: ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಹಳಗನ್ನಡ ಶಾಸನ ಓದಲು ಹೊಸದಾಗಿ ಕೂತವರು ಸಾಮಾನ್ಯವಾಗಿ ಎಡವುವುದು ಲಿಪಿ ಬಾರದೆ ಅಲ್ಲ, ಭಾಷೆ ಚೆನ್ನಾಗಿ ಬಂದು. ಮುಂದಿನ ಪದ ಏನಿರಬಹುದು ಅಂತ ಮನಸ್ಸು ಮೊದಲೇ ಹೇಳಿಬಿಡುತ್ತದೆ. ಕಣ್ಣು ಅದನ್ನೇ ಕಲ್ಲಿನಲ್ಲಿ ಹುಡುಕಿ ಕಂಡುಕೊಳ್ಳುತ್ತದೆ. ಹೀಗೆ ಹುಟ್ಟಿದ ಒಂದು ತಪ್ಪು ಹೆಸರು ಒಮ್ಮೆ ಅಚ್ಚಾದರೆ, ಮುಂದಿನವರು ಅದನ್ನೇ ಎತ್ತಿ ಬರೆಯುತ್ತಾ ಹೋಗುತ್ತಾರೆ.

ಇಲ್ಲಿ ಹೇಳುತ್ತಿರುವುದು ಕಲ್ಯಾಣ ಚಾಳುಕ್ಯರ ಕಾಲದ, ಅಂದರೆ 11-12ನೇ ಶತಮಾನದ ಶಾಸನಗಳ ಬಗ್ಗೆ. ಗದಗ, ಕೊಪ್ಪಳ, ಧಾರವಾಡದ ಕಡೆ ಇವು ಜಾಸ್ತಿ. ಲಿಪಿ ದುಂಡಗಿದ್ದು ಇಂದಿನ ಕನ್ನಡಕ್ಕೆ ಹತ್ತಿರ ಇರುವುದರಿಂದ ಕಲಿಯುವವರಿಗೆ ಇಲ್ಲಿಂದ ಶುರು ಮಾಡುವುದೇ ಸರಿ.

ಮೊದಲು ಹಾಳೆ ಕಾಪಾಡಿ. ಪಡಿಯಚ್ಚು ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಕೂರಿಸಿ, ಮಸಿ ಹಚ್ಚಿ ತೆಗೆದ ಶಾಸನದ ಅಚ್ಚು. ಅದನ್ನು ಮಡಿಸಬೇಡಿ, ಸುತ್ತಿಡಿ. ಮಡಿಕೆಯ ಗೆರೆ ಅಕ್ಷರದ ಮೇಲೆ ಬಿದ್ದರೆ ಅದೂ ಅಕ್ಷರದ ಗೆರೆಯಂತೆಯೇ ಕಾಣುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಇಸ್ತ್ರಿಯೂ ಬೇಡ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬ್ರಷ್‌ನಿಂದ ಬಡಿದು ಕೂರಿಸಿದಾಗ ಕಾಗದ ಅಕ್ಷರದ ಕೊರೆದ ಗೆರೆಯೊಳಗೆ ಇಳಿದಿರುತ್ತದೆ. ಆ ಉಬ್ಬು ತಗ್ಗೇ ನಿಮ್ಮ ನಿಜವಾದ ಆಸ್ತಿ, ಮಸಿ ಅಲ್ಲ. ಚಪ್ಪಟೆ ಮಾಡಿದರೆ ಅರ್ಧ ಸಾಕ್ಷ್ಯ ಹೋಯಿತು.

ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಅಕ್ಷರ ತಿದ್ದುವುದೂ ಬೇಡ. ಗೆರೆ ಎಳೆದು ನೋಡಲೇಬೇಕು ಅನ್ನಿಸಿದರೆ ಮೇಲೆ ಪಾರದರ್ಶಕ ಹಾಳೆ ಇಟ್ಟು, ಪೆನ್ಸಿಲ್ಲಿನಲ್ಲಿ ಎಳೆಯಿರಿ. ಕಲ್ಲಿಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವ ಅಡ್ಡದಾರಿಯೂ ಇಂಥದ್ದೇ. ಸುಣ್ಣ ತುಂಬಿದವರು ಹೇಗೆ ಓದಿದರೋ ಹಾಗೆಯೇ ಫೋಟೋ ಬರುತ್ತದೆ.

ಗೊತ್ತಿರುವ ಸಾಲನ್ನು ಹಿಡಿಯಿರಿ. ಈ ಕಾಲದ ಶಾಸನಗಳಲ್ಲಿ ರಾಜನ ಬಿರುದು ಹೇಳಿ ಹೊಗಳುವ ಪ್ರಶಸ್ತಿ ಹೆಚ್ಚುಕಡಿಮೆ ಒಂದೇ. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಅಂತ ಶುರುವಾಗಿ, ‘ಚಾಳುಕ್ಯಾಭರಣ’ ದಾಟಿ, ‘ಆಚಂದ್ರಾರ್ಕತಾರಂಬರಂ ಸಲುತ್ತಮಿರೆ’ ತನಕ ಹೋಗುತ್ತದೆ. ಇದನ್ನು ಓದಿ ಮುಂದೆ ಓಡಬೇಡಿ. ಇದರಿಂದ ಆ ಕಲ್ಲಿನ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ. ‘ಚಾಳುಕ್ಯ’ದ ಚ, ‘ತಾರಂಬರಂ’ನ ಬ, ‘ಭುವನ’ದ ವ, ‘ಸಮಸ್ತ’ದ ಮ, ಹೀಗೆ ಒಂದೊಂದನ್ನೂ ಬಿಡಿಸಿ ಬರೆದಿಡಿ. ಪುಸ್ತಕದ ಕೊನೆಯಲ್ಲಿ ಸಿಗುವ ಲಿಪಿ ಪಟ್ಟಿ ಕಲಿಯಲು ಸಾಕು, ತೀರ್ಪು ಕೊಡಲು ಸಾಲದು. ಕಲ್ಲಿನಲ್ಲಿ ಅಕ್ಷರ ಕಡಿಯುವ ಒಬ್ಬೊಬ್ಬ ಕಂಡರಣೆಕಾರನ ಕೈ ಒಂದೊಂದು ಥರ.

ಈಗ ಕಷ್ಟದ ಕೆಲಸ: ಸವೆದ ಅಕ್ಷರ. ದಾನ ಕೊಟ್ಟವನ ಹೆಸರು ಬರುವ ಜಾಗ ಅಂದುಕೊಳ್ಳಿ. ‘ಟ್ಟಯ್ಯ’ ಸ್ಪಷ್ಟವಾಗಿದೆ. ಅದರ ಹಿಂದಿನ ಅಕ್ಷರದಲ್ಲಿ ಕೆಳಗಿನ ದುಂಡನೆಯ ಹೊಟ್ಟೆ ಮಾತ್ರ ಉಳಿದಿದೆ. ಚಟ್ಟಯ್ಯನೂ ಆಗಬಹುದು, ಬಟ್ಟಯ್ಯನೂ ಆಗಬಹುದು. ಎರಡೂ ಆಗಬಹುದಾದ ಹೆಸರುಗಳೇ, ಆದ್ದರಿಂದ ಅರ್ಥ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೇ ಇಳಿಸಿ ಒಂದು ಪಕ್ಕದಿಂದ ಬೆಳಕು ಬಿಡಿ. ಕಲ್ಲಿಗೆ ತಾಗಿದ್ದ ಈ ಬದಿಯಲ್ಲಿ ಅಕ್ಷರಗಳು ಉಬ್ಬಿಕೊಂಡಿರುತ್ತವೆ, ಎಡ ಬಲ ಅದಲುಬದಲಾಗಿ. ಓದಲು ಕಷ್ಟವಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಕೊಳ್ಳಿ. ಮುಂಬದಿಯಲ್ಲಿ ಮಸಿ ಹೆಚ್ಚಾಗಿ ಗೆರೆಯೊಳಗೆ ಇಳಿದು ಮುಚ್ಚಿಹೋದ ಭಾಗ ಎಷ್ಟೋ ಸಲ ಇಲ್ಲಿ ಉಬ್ಬಾಗಿ ಸಿಗುತ್ತದೆ. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿಯಿರಿ, ಏಕೆಂದರೆ ಬೆಳಕು ಬರುವ ದಿಕ್ಕಿನಲ್ಲೇ ಸಾಗುವ ಗೆರೆಗೆ ನೆರಳು ಬೀಳುವುದಿಲ್ಲ, ಅದು ಇಲ್ಲವೇನೋ ಅನ್ನಿಸುತ್ತದೆ.

ಉಳಿ ಕಡಿದ ಗೆರೆ ಯಾವುದು, ಕಲ್ಲು ಚಕ್ಕೆ ಎದ್ದದ್ದು ಯಾವುದು ಅಂತ ಗುರುತಿಸಲು ಅಂಚು ನೋಡಿ. ಕಡಿದ ಗೆರೆ ಒಂದೇ ಅಗಲದಲ್ಲಿ ಸಾಗುತ್ತದೆ, ತಿರುವು ನಯವಾಗಿರುತ್ತದೆ. ಚಕ್ಕೆ ಎದ್ದ ಜಾಗ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು, ಅಂಚು ಹರಕು. ಅನುಸ್ವಾರದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಕಲ್ಲಿನ ಪುಟ್ಟ ಗುಳಿಯೂ ಬಿಳಿ ಚುಕ್ಕೆಯಾಗಿಯೇ ಕಾಣುತ್ತದೆ. ಅದೇ ಶಾಸನದ ಸ್ಪಷ್ಟ ಸೊನ್ನೆಗಳು ಯಾವ ಎತ್ತರದಲ್ಲಿವೆ, ಎಷ್ಟು ದೊಡ್ಡವು ಅಂತ ಅಳೆದು ಹೋಲಿಸಿ. ಹಾಗೆಯೇ ಷದ ಒಳಗೆರೆ ಸವೆದರೆ ಪ ಆಗಿಬಿಡುತ್ತದೆ. ಎ-ಏ, ಒ-ಓ ಭೇದವನ್ನು ಈ ಶಾಸನಗಳಲ್ಲಿ ಸಾಮಾನ್ಯವಾಗಿ ತೋರಿಸುವುದೇ ಇಲ್ಲ, ಆದ್ದರಿಂದ ದೀರ್ಘದ ಗುರುತು ಸವೆದಿದೆ ಅಂತ ಹುಡುಕುತ್ತಾ ಕೂರಬೇಡಿ.

ಇಷ್ಟೆಲ್ಲ ಆದ ಮೇಲೆ ಉಳಿದ ಹೊಟ್ಟೆಯನ್ನು ನಿಮ್ಮ ಪಟ್ಟಿಯ ಚ, ಬ ಎರಡರ ಪಕ್ಕಕ್ಕೂ ಇಡಿ. ಹಿಂಬದಿಯಲ್ಲಿ ಚಕಾರದ ಒಳಗೆರೆಯ ತುದಿ ಸಿಕ್ಕರೆ ‘[ಚ]ಟ್ಟಯ್ಯ’ ಅಂತ ಬರೆಯಬಹುದು. ಸಿಗದಿದ್ದರೆ ‘.ಟ್ಟಯ್ಯ’ ಅಷ್ಟೇ. ಅಡಿಟಿಪ್ಪಣಿಯಲ್ಲಿ ‘ಕೆಳಭಾಗ ಮಾತ್ರ ಉಳಿದಿದೆ, ಚ ಅಥವಾ ಬ’ ಅಂತ ಹಾಕಿ, ಉಳಿದ ಗೆರೆಯ ಪುಟ್ಟ ಚಿತ್ರ ಬಿಡಿಸಿ.

ಗುರುತುಗಳು. ಬೇರೆ ಬೇರೆ ಶಾಸನ ಸಂಪುಟಗಳಲ್ಲಿ ಬೇರೆ ಬೇರೆ ಪದ್ಧತಿ ಇದೆ. ಯಾವುದನ್ನಾದರೂ ಬಳಸಿ, ಆದರೆ ನೀವು ಓದಿ ಬರೆದ ಪಾಠದ ಮೇಲ್ಗಡೆ ಅದರ ವಿವರಣೆ ಬರೆಯಿರಿ. ನನಗೆ ಸರಿಕಾಣುವುದು ಇದು: ಸವೆದಿದ್ದರೂ ಗೆರೆ ನೋಡಿ ಓದಿದ ಅಕ್ಷರ [ಚ], ಕಲ್ಲಿನಲ್ಲಿ ಇಲ್ಲದೆ ನೀವು ತುಂಬಿದ್ದು [ಚ*], ಹೋದ ಅಕ್ಷರಕ್ಕೆ ಒಂದೊಂದು ಚುಕ್ಕೆ. ಮೊದಲೆರಡನ್ನು ಕಲಸಿದರೆ ಪಾಠ ಕೆಟ್ಟಂತೆಯೇ. ಚುಕ್ಕೆಗಳನ್ನು ಸುಮ್ನೆ ನಾಲ್ಕು ಹಾಕಿ ಬಿಡುವವರಿದ್ದಾರೆ, ಹಾಗಲ್ಲ. ಖಾಲಿ ಜಾಗ ಅಳೆದು, ಅಷ್ಟೇ ಅಗಲದಲ್ಲಿ ಮೇಲಿನ ಮತ್ತು ಕೆಳಗಿನ ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿದಿವೆ ಅಂತ ಎಣಿಸಿ ಹಾಕಿ. ಪದ್ಯವಾದರೆ ಛಂದಸ್ಸೂ ನೆರವಿಗಿದೆ. ಕಂದ ಪದ್ಯದ ಮೊದಲ ಪಾದಕ್ಕೆ 12 ಮಾತ್ರೆ, ಎರಡನೆಯದಕ್ಕೆ 20. ಎಷ್ಟು ಹೋಗಿದೆ ಅಂತ ಅದು ಹೇಳುತ್ತದೆ, ಯಾವುದು ಹೋಗಿದೆ ಅಂತ ಹೇಳುವುದಿಲ್ಲ.

ತೇದಿಯ ಪರೀಕ್ಷೆ. ‘ಚಾಳುಕ್ಯ ವಿಕ್ರಮವರ್ಷದ .೭ನೆಯ ನಂದನ ಸಂವತ್ಸರದ’ ಅಂತ ಸಿಕ್ಕಿತು ಅನ್ನಿ. ಮೊದಲ ಅಂಕೆ ೨ ಅಥವಾ ೩ ಇರಬಹುದು. ಚಾಳುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಹೆಸರಿನ ಈ ವಿಕ್ರಮವರ್ಷ ಶುರುವಾದದ್ದು ಕ್ರಿ.ಶ. 1076ರಲ್ಲಿ, ಆದ್ದರಿಂದ ವರ್ಷದ ಸಂಖ್ಯೆಗೆ 1075 ಕೂಡಿಸಿ. ೨೭ ಆದರೆ 1102, ಅದು ಚಿತ್ರಭಾನು. ೩೭ ಆದರೆ 1112, ಅದು ನಂದನ. ಹಾಗಾದರೆ ೩ ಅಂತ ಬರೆದುಬಿಡಬಹುದಾ? ಅಂಕೆಯ ಗೆರೆ ಸ್ವಲ್ಪವಾದರೂ ಕಂಡು ೩ಕ್ಕೆ ಹೊಂದಿದರೆ [೩]೭. ಗೆರೆಯೇ ಇಲ್ಲದೆ ಬರೀ ಲೆಕ್ಕದಿಂದ ಬಂದರೆ [೩*]೭, ಜೊತೆಗೆ ‘ಸಂವತ್ಸರದ ಆಧಾರದಿಂದ’ ಅಂತ ಟಿಪ್ಪಣಿ. ವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗದ ಶಾಸನಗಳೂ ಇವೆ, ಅದಕ್ಕೇ ಈ ಎಚ್ಚರಿಕೆ.

ನಕಲು ಮಾಡುವಾಗ ಕಾಗುಣಿತ ತಿದ್ದಬೇಡಿ. ‘ಧರ್ಮ್ಮ’ ಇದ್ದರೆ ‘ಧರ್ಮ್ಮ’ ಅಂತಲೇ ಬರೆಯಿರಿ. ಱ, ೞ ಬಂದಲ್ಲಿ ಅವನ್ನೇ ಹಾಕಿ, ರ, ಳ ಹಾಕಬೇಡಿ. ಈ ಎರಡು ಅಕ್ಷರ ತೋರಿಸದ ಫಾಂಟ್ ಈ ಕೆಲಸಕ್ಕೆ ಬೇಡ.

ಕೊನೆಗೆ ಇನ್ನೊಬ್ಬರಿಂದ ಓದಿಸಿ, ಆದರೆ ನಿಮ್ಮ ಪಾಠ ತೋರಿಸದೆ ಬರೀ ಹಾಳೆ ಕೊಡಿ. ‘ಇದು ಚ ಅಲ್ವಾ?’ ಅಂತ ಕೇಳಿದರೆ ಅವರಿಗೂ ಚ ಕಾಣುತ್ತದೆ. ಇಬ್ಬರ ಓದು ಬೇರೆಯಾದ ಕಡೆ ಮತ್ತೆ ಟಾರ್ಚ್ ಹಿಡಿಯಿರಿ, ಆಗಲೂ ಒಂದಾಗದಿದ್ದರೆ ಎರಡೂ ಓದನ್ನು ಟಿಪ್ಪಣಿಯಲ್ಲಿ ಕೊಟ್ಟು ಮುಂದಿನ ಸಾಲಿಗೆ ಹೋಗಿ.